ಪದಚರ್ಚೆ: ‘ಬದಲಾವಣೆ ಚಿತ್ರ’ವೋ ‘ವ್ಯತ್ಯಾಸ ಚಿತ್ರ’ವೋ?

ಮಾನ್ಯರೇ,

ತಂತ್ರಾಂಶ ಪರೀಕ್ಷಕರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಪ್ಲೇರೈಟ್ ಎಂಬ ಪರೀಕ್ಷಾ ಸಾಧನದಲ್ಲಿ ಜಾಲಪುಟದ ಹಿಂದಿನ ಸ್ಕ್ರೀನ್‌ಶಾಟನ್ನೂ ಈಗಿನದನ್ನೂ ಪಿಕ್ಸೆಲ್ ಪಿಕ್ಸೆಲಾಗಿ ಹೋಲಿಸಿದಾಗ, ಬಣ್ಣ ಹೊಂದದ ಕಡೆಗಳಲ್ಲಿ ಕೆಂಪು ಬಳಿದ ಮೂರನೆಯ ಚಿತ್ರವೊಂದು ದೊರೆಯುತ್ತದೆ. ಅದನ್ನು ‘ಬದಲಾವಣೆ ಚಿತ್ರ’ ಎಂದು ಕರೆದಿದ್ದೆ. ಆದರೆ ಕಳೆದ ವಾರ ಅರ್ಜಿಯ ಪುಟದ ಮೇಲ್ಭಾಗಕ್ಕೆ ಒಂದೇ ಸಾಲಿನ ಸೂಚನೆಯನ್ನು ಸೇರಿಸಿದ್ದರಿಂದ ಕೆಳಗಿನದೆಲ್ಲ 24 ಪಿಕ್ಸೆಲ್ ಜರುಗಿ, ಯಾರೂ ಮುಟ್ಟದ ಹೆಸರು, ವಿಳಾಸಗಳ ಅಕ್ಷರಗಳೂ ‘ಉಳಿಸಿ’ ಗುಂಡಿಯ ಅಂಚೂ ಕೆಂಪಾದವು. ನಾವು ಮಾಡಿದ ಬದಲಾವಣೆ ಒಂದು ಸಾಲು, ಯಂತ್ರ ಕಂಡ ವ್ಯತ್ಯಾಸ ಮುಕ್ಕಾಲು ಪುಟ. ಹಾಗಾದರೆ ‘ವ್ಯತ್ಯಾಸ ಚಿತ್ರ’ ಎಂದರೆ ಸರಿಯೇ? ಜೊತೆಗೆ, ಕೆಳಗಿನ ಎರಡು ಅಂಕಿಗಳನ್ನೂ ‘ಮಿತಿ’ ಎಂದೇ ಕರೆದಿದ್ದೇನೆ. ಒಂದು ಪದ ಸಾಕೇ?

```
await expect(page).toHaveScreenshot('arji.png', {
  threshold: 0.2,
  maxDiffPixels: 50
});
```

ಮೊದಲ ಉತ್ತರ

‘ವ್ಯತ್ಯಾಸ’ವೇ ಸರಿ. ಎಷ್ಟು ವ್ಯತ್ಯಾಸವನ್ನು ಸಹಿಸಬೇಕೆಂಬುದನ್ನೇ ಎರಡು ಅಂಕಿಗಳೂ ಹೇಳುವುದರಿಂದ ‘ಮಿತಿ’ ಒಂದೇ ಸಾಕು. 0.2 ಅನ್ನು 0.5 ಮಾಡಿ, ನಿಮ್ಮ ಕೆಂಪು ಮಾಯವಾಗುತ್ತದೆ.

ಎರಡನೆಯ ಉತ್ತರ

ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಎರಡು ಕರಡುಗಳನ್ನು ಹೋಲಿಸುವುದಕ್ಕೆ ನಮ್ಮಲ್ಲಿ ‘ತಾಳೆ ನೋಡುವುದು’ ಎನ್ನುತ್ತಾರೆ. ಒಂದು ಪದ ಹೆಚ್ಚಾಗಿ ಮುಂದಿನ ಸಾಲುಗಳೆಲ್ಲ ಜರುಗಿದರೂ ಆ ಪದಕ್ಕಷ್ಟೇ ಗುರುತು ಹಾಕುತ್ತೇವೆ. ನಿಮ್ಮ ಯಂತ್ರವೂ ಅಕ್ಷರಗಳನ್ನು ಹಾಗೆಯೇ ಓದಬಾರದೇ?

ಮೂರನೆಯ ಉತ್ತರ

ಈ ಹೋಲಿಕೆಯಲ್ಲಿ ಯಂತ್ರ ಅಕ್ಷರವನ್ನು ಓದುವುದಿಲ್ಲ. ಎರಡೂ ಚಿತ್ರಗಳ ಅದೇ ಜಾಗದಲ್ಲಿರುವ ಬಣ್ಣವನ್ನಷ್ಟೇ ನೋಡುತ್ತದೆ. ಆದರೂ ‘ತಾಳೆ ನೋಡು’ ಬಹಳ ಒಳ್ಳೆಯ ಕ್ರಿಯಾಪದ, ಬಿಡಬೇಡಿ.

‘ಮಿತಿ’ಯ ವಿಷಯದಲ್ಲಿ ಮೊದಲನೆಯವರ ಮಾತನ್ನು ಒಪ್ಪಲಾರೆ. `threshold` ಹೇಳುವುದು ಒಂದೇ ಜಾಗದ ಎರಡು ಬಣ್ಣಗಳು ಎಷ್ಟು ದೂರವಿರಬಹುದು ಎಂಬುದನ್ನು. `maxDiffPixels` ಹೇಳುವುದು ಆ ದೂರವನ್ನು ದಾಟಿದ ಪಿಕ್ಸೆಲ್‌ಗಳು ಎಷ್ಟಿರಬಹುದು ಎಂಬುದನ್ನು. ಬಿಳಿಯಿದ್ದಲ್ಲಿ ಕಪ್ಪು ಅಕ್ಷರ ಬಂದು ಕೂತರೆ 0.5 ಇಟ್ಟರೂ ಅದು ಕೆಂಪಾಗಿಯೇ ಉಳಿಯುತ್ತದೆ. ಆದರೆ ಗುಂಡಿಯ ತಿಳಿಬೂದು ತುಸು ಗಾಢವಾದರೆ, ನಿಜವಾದ ಆ ಬದಲಾವಣೆಯೇ ಸದ್ದಿಲ್ಲದೆ ನುಸುಳಿಹೋಗುತ್ತದೆ. ಒಂದೇ ಪದ ಬಳಸಿದರೆ ಓದುಗರು ತಪ್ಪು ಅಂಕಿಯನ್ನು ತಿದ್ದುತ್ತಾರೆ. ‘ಬಣ್ಣದ ಸೈರಣೆ’, ‘ಎಣಿಕೆಯ ಮಿತಿ’ ಎಂದು ಬೇರ್ಪಡಿಸಿ.

ಚಿತ್ರದಲ್ಲಿ ಹಳದಿ ಚುಕ್ಕೆಗಳನ್ನೂ ನೀವು ಕಂಡಿರಬಹುದು. ಅಕ್ಷರದ ಅಂಚನ್ನು ನುಣುಪಾಗಿಸಲು ಬಳಿದ ಬೂದು ಪಿಕ್ಸೆಲ್‌ಗಳು ಅವು. ನಮ್ಮ ಒತ್ತಕ್ಷರಗಳ ಬಾಗುಗಳಲ್ಲಿ ಧಾರಾಳವಾಗಿರುತ್ತವೆ. ಹೋಲಿಕೆ ಮಾಡುವ ಪಿಕ್ಸೆಲ್‌ಮ್ಯಾಚ್ ಅವನ್ನು ಗುರುತಿಸುತ್ತದೆ, ಎಣಿಕೆಗೆ ಮಾತ್ರ ಸೇರಿಸುವುದಿಲ್ಲ.

ಕೇಳಿದವರಿಂದ

‘ವ್ಯತ್ಯಾಸ ಚಿತ್ರ’, ‘ತಾಳೆ ನೋಡು’, ‘ಎಣಿಕೆಯ ಮಿತಿ’ ಮೂರನ್ನೂ ಕೈಪಿಡಿಗೆ ತೆಗೆದುಕೊಂಡಿದ್ದೇನೆ. ‘ಸೈರಣೆ’ ಮನುಷ್ಯರ ಗುಣದಂತೆ ಕೇಳಿಸುವುದರಿಂದ ಇನ್ನೂ ಮನಸ್ಸು ಒಪ್ಪಿಲ್ಲ. ಕಂಡರೂ ಎಣಿಕೆಗೆ ಬಾರದ ಆ ಹಳದಿಗೆ ಏನೆನ್ನೋಣ? ಅದೂ ವ್ಯತ್ಯಾಸವೇ ತಾನೇ?