ಮೇಷ್ಟ್ರ ಸ್ಲೈಡಿಗೆ ಏನು ಬರೆಯೋದು

"ಅಕ್ಕಾ, ಮೇಷ್ಟ್ರು ಈ ತಿಂಗಳ ಕೊನೆಗೆ ರಿಟೈರ್ ಆಗ್ತಾರಲ್ಲ, ಇನ್‌ಸ್ಟಾಗ್ರಾಂಗೆ ಕ್ಯಾರೊಸೆಲ್ ಮಾಡೋಣ ಅಂತ ಎಲ್ಲರ ಹತ್ರ ನೆನಪು ಕೇಳಿದೆ. 30 ಮೆಸೇಜ್ ಬಂದಿದೆ. ಎಲ್ಲಾ ಒಂದೇ ಥರ ಇದೆ. ಏನ್ ಮಾಡ್ಲಿ?"

ತಮ್ಮಾ, ಬಸ್ಸಿಗೆ ಕಾಯ್ತಾ ನಿಂತಿದ್ದೇನೆ, ಗಾಡಿ ಸದ್ದು ಬಂದರೆ ಬೇಜಾರು ಮಾಡ್ಕೋಬೇಡ. ನೀನು ಕಳಿಸಿದ್ದೆಲ್ಲ ಓದಿದೆ. "ತುಂಬಾ ಒಳ್ಳೆ ಮೇಷ್ಟ್ರು, ನಮ್ಮ ಬಾಳಿಗೆ ದಾರಿ ತೋರಿಸಿದರು" ಅಂತಲೇ ಜಾಸ್ತಿ ಜನ ಬರೆದಿದ್ದಾರೆ. ಅವರದ್ದೇನೂ ತಪ್ಪಿಲ್ಲ. "ಮೇಷ್ಟ್ರ ಬಗ್ಗೆ ಎರಡು ಮಾತು ಬರೀರಿ" ಅಂದರೆ ಯಾರಿಗೇ ಆದರೂ ಭಾಷಣವೇ ಬರುತ್ತದೆ. ಕೇಳೋದನ್ನು ಬದಲಿಸು. "ಮೇಷ್ಟ್ರು ನಿಮ್ಮೊಬ್ಬರಿಗೇ ಅಂತ ಮಾಡಿದ್ದು ಏನು? ಆಗ ಕ್ಲಾಸಿನಲ್ಲಿ ಎಲ್ಲಿ ಕೂತಿದ್ರಿ?" ಅಂತ ಕೇಳು. ಎಲ್ಲಿ ಕೂತಿದ್ರಿ ಅಂದ ಕೂಡಲೇ ಬೆಂಚು, ಬೋರ್ಡು, ಪಕ್ಕದಲ್ಲಿದ್ದವರು ಎಲ್ಲ ನೆನಪಾಗ್ತಾರೆ. ಟೈಪ್ ಮಾಡೋದು ಬೇಡ, ವಾಯ್ಸ್ ಕಳಿಸಲಿ.

ನಿನ್ನೆ ನಮ್ಮ ಬ್ಯಾಚಿನ ಒಬ್ಬಳಿಗೆ ಹೀಗೇ ಕೇಳಿದೆ. ಮೊದಲು ಅವಳು ಬರೆದಿದ್ದು "ಗಣಿತದ ಭಯ ಹೋಗಲಾಡಿಸಿದ ಗುರುಗಳು" ಅಂತ, ಅಷ್ಟೇ. ಫೋನಿನಲ್ಲಿ ನಾಲ್ಕು ನಿಮಿಷ ಮಾತಾಡಿದಳು. ಭಾಗಾಕಾರ ತಪ್ಪಾಗಿತ್ತಂತೆ, ಏಟು ಬೀಳುತ್ತದೆ ಅಂತ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದಳಂತೆ. ಮೇಷ್ಟ್ರು ಏನೂ ಬೈಯಲಿಲ್ಲ. ಮಿಕ್ಕ ವಿಷಯವೆಲ್ಲ ಬಿಟ್ಟು ನಾನು ಇಷ್ಟು ಉಳಿಸಿಕೊಂಡೆ:

"ತಪ್ಪು ಲೆಕ್ಕಕ್ಕೆ ಅಡ್ಡಗೆರೆ ಎಳೆಯಲಿಲ್ಲ. ತಪ್ಪಿದ ಜಾಗದಲ್ಲಿ ಒಂದು ಚುಕ್ಕಿ ಇಟ್ಟು, ಇಲ್ಲಿವರೆಗೂ ಸರಿ ಇದೆ ಅಂದರು. ಈಗ ಮಗಳ ಪುಸ್ತಕದಲ್ಲಿ ನಾನೂ ಚುಕ್ಕಿ ಇಡ್ತೀನಿ."

ಕೆಳಗೆ ಅವಳ ಹೆಸರು, ಹತ್ತನೇ ಕ್ಲಾಸು ಮುಗಿಸಿದ ವರ್ಷ. ಒಂದು ಸ್ಲೈಡಿಗೆ ಇದಕ್ಕಿಂತ ಜಾಸ್ತಿ ಹಾಕಬೇಡ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಚಿಕ್ಕ ಫೋನಿನಲ್ಲಿ ಓದೋರು, ಅಕ್ಷರ ದಪ್ಪ ಇರಲಿ. ಮಾತನ್ನು ನಾವು ಚಿಕ್ಕದು ಮಾಡಿದರೂ ಪದಗಳು ಅವರದ್ದೇ ಇರಬೇಕು. ಹಾಕುವ ಮೊದಲು ಅವರಿಗೇ ಕಳಿಸಿ ಒಪ್ಪಿಗೆ ತಗೋ. ಇಂಥ 12 ಸಿಕ್ಕರೆ ಸಾಕು. 30 ಜನರ ಹೆಸರೂ ಕೊನೆಯ ಸ್ಲೈಡಿನಲ್ಲಿ ಒಟ್ಟಿಗೆ ಬರಲಿ, ಯಾರನ್ನೂ ಬಿಟ್ಟ ಹಾಗಾಗಬಾರದು.

ಆಮೇಲೆ ಫಾಂಟು. ಮೊದಲು ಸುಮ್ನೆ "ಮೇಷ್ಟ್ರು" ಅಂತ ಟೈಪ್ ಮಾಡಿ ನೋಡು. ಷ ಕೆಳಗಿನ ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬಿದ್ದರೆ ಆ ಫಾಂಟ್ ಬೇಡ. ನೋಟೊ ಸಾನ್ಸ್ ಕನ್ನಡ ಹಾಕಿ ನೋಡು. ಹಳೇ ನುಡಿ ಫೈಲಿನಿಂದ ಕಾಪಿ ಮಾಡಿ ಹಾಕಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬರಬಹುದು, ಯುನಿಕೋಡಿಗೆ ಬದಲಾಯಿಸಿಕೋ. ಅಳತೆ 1080×1350 ಇಟ್ಟುಕೋ.

ಆಫೀಸ್ ರೂಮಿನ ಗ್ರೂಪ್ ಫೋಟೊ ಬೇಕು ಅಂದಿದ್ದೆಯಲ್ಲ, ಅದಕ್ಕೆ ಗಾಜಿದೆ. ಫ್ಲ್ಯಾಶ್ ಹಾಕಿದರೆ ಮುಖದ ಮೇಲೆಲ್ಲ ಬೆಳಕು ಹೊಡೆಯುತ್ತದೆ. ಬಾಗಿಲ ಹತ್ತಿರ ತಂದು ಸ್ವಲ್ಪ ಓರೆಯಾಗಿ ನಿಂತು ತೆಗಿ.

ಮೇಷ್ಟ್ರು ಇನ್‌ಸ್ಟಾಗ್ರಾಂನಲ್ಲಿ ಇಲ್ಲ, ಅಲ್ವಾ? ಅವರಿಗೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು, ಫೋಟೊ ಆಗಿ ಕಳಿಸಿದರೆ ಅಕ್ಷರ ಮಸುಕಾಗಬಹುದು. ವಾಯ್ಸ್‌ಗಳು ಬಂದ ಹಾಗೆ ನನಗೆ ಹಾಕ್ತಾ ಇರು, ರಾತ್ರಿ ಕೇಳಿಸಿಕೊಂಡು ಬರೆದುಕೊಡ್ತೀನಿ. ಬಸ್ ಬಂತು.