ಆರ್‌ಎಗೆ ಮೆಥೊಟ್ರೆಕ್ಸೇಟ್ ಶುರು ಮಾಡೋದಾ? ನಿಮ್ಮ ಅನುಭವ ಹೇಳಿ

ಥಾಣೆಯಿಂದ: ಅಮ್ಮನಿಗೆ 52. ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಆಗಲ್ಲ. ಡಾಕ್ಟರು ಆರ್‌ಎ, ಅಂದ್ರೆ ರುಮಟಾಯ್ಡ್ ಸಂಧಿವಾತ ಅಂದ್ರು, ಮೆಥೊಟ್ರೆಕ್ಸೇಟ್ ಬರೆದಿದ್ದಾರೆ. ನಮ್ಮ ರಕ್ಷಣಾ ಶಕ್ತಿಯೇ ಕೀಲನ್ನು ತಿನ್ನುತ್ತೆ ಅಂದ್ರೆ ಹೇಗೆ? ಮಾತ್ರೆ ಶುರು ಮಾಡೋದಾ?

ಡೊಂಬಿವಲಿ: ನನಗೆ ಮೊದಲ ಡಾಕ್ಟರು ಮುಟ್ಟು ನಿಲ್ಲೋ ವಯಸ್ಸು ಅಂತ ನೋವಿನ ಮಾತ್ರೆ ಕೊಟ್ಟರು. ಊತ ಇಳಿಯಿತು, ರೊಟ್ಟಿ ತಟ್ಟುತ್ತಿದ್ದೆ. ಒಳಗೆ ಮೂಳೆ ಸವೆಯುತ್ತಲೇ ಇತ್ತು. ಆಮೇಲೆ ಎಕ್ಸ್‌ರೇ ತೆಗೆದರೆ ಗೆಣ್ಣಿನ ಅಂಚಿನಲ್ಲಿ ಇಲಿ ಕಡಿದ ಹಾಗೆ ಗುಂಡಿ. ಅದು ತುಂಬಿಕೊಳ್ಳಲ್ಲ. ಈಗ ಮೆಥೊಟ್ರೆಕ್ಸೇಟ್ ಮೇಲಿದ್ದೇನೆ, ಹೊಸ ಗುಂಡಿ ಬಿದ್ದಿಲ್ಲ.

ವಾಸ್ಕೊ: ಆರ್‌ಎಗೆ ಮಾಡಿಸೋ ರಕ್ತದ ಟೆಸ್ಟುಗಳನ್ನೆಲ್ಲ ನಂಬಬೇಡಿ. ನಮ್ಮ ಮಾವನಿಗೆ ಆರ್‌ಎಫ್ ಪಾಸಿಟಿವ್ ಬಂತು, ಕೀಲು ಇವತ್ತಿಗೂ ಗಟ್ಟಿ. ಅತ್ತೆಗೆ ನಾಟಿ ವೈದ್ಯರ ಪುಡಿಯಲ್ಲಿ ಎರಡೇ ದಿನಕ್ಕೆ ನೋವು ಹೋಯಿತು.

ಪುಣೆ, ಲ್ಯಾಬ್ ಕೆಲಸ: ಆರ್‌ಎಫ್ ವಿಷಯ ನಿಜ, ರೋಗ ಇಲ್ಲದವರಲ್ಲೂ ಬರುತ್ತೆ. ಅದಕ್ಕೇ ಆಂಟಿ ಸಿಸಿಪಿ ಅನ್ನೋ ಇನ್ನೊಂದು ರಕ್ತದ ಟೆಸ್ಟನ್ನೂ ನೋಡೋದು. ನಮ್ಮದೇ ಪ್ರೋಟೀನಿನ ರಚನೆ ಒಂಚೂರು ಬದಲಾಗುತ್ತೆ. ಸಿಗರೇಟು ಸೇದುವವರ ಶ್ವಾಸಕೋಶದಲ್ಲಿ ಇದು ಜಾಸ್ತಿ. ಕೆಲವರ ದೇಹ ಅದನ್ನು ಹೊರಗಿನದು ಅಂದುಕೊಂಡು ಆಂಟಿಬಾಡಿ ತಯಾರಿಸುತ್ತೆ, ಆಂಟಿ ಸಿಸಿಪಿ ಟೆಸ್ಟ್ ಹುಡುಕೋದು ಇದನ್ನೇ. ನೋವು ಶುರುವಾಗೋ ವರ್ಷಗಳ ಮೊದಲೇ ಅದು ರಕ್ತದಲ್ಲಿರಬಹುದು. ಕೀಲಿನ ಒಳಗೆ ತೆಳುವಾದ ಪೊರೆ ಇದೆ, ಕೀಲು ಜಾರುವಂತೆ ದ್ರವ ಕೊಡೋದು ಅದೇ. ರಕ್ಷಣಾ ಕಣಗಳು ಅಲ್ಲಿ ಬಂದು ಸೇರಿ ಉರಿಯೂತ ಎಬ್ಬಿಸುತ್ತವೆ. ಪೊರೆ ದಪ್ಪವಾಗಿ ಮೂಳೆಯ ಮೇಲೆ ಹಬ್ಬಿ ಕೊರೆಯುತ್ತೆ. ನೋವಿನ ಮಾತ್ರೆ ನೋವು ಕಡಿಮೆ ಮಾಡುತ್ತೆ, ಕೊರೆತ ನಿಲ್ಲಿಸಲ್ಲ. ಇನ್ನೊಂದು ಮಾತು, ಎರಡೂ ಟೆಸ್ಟ್ ನೆಗೆಟಿವ್ ಇದ್ದೂ ಆರ್‌ಎ ಇರಬಹುದು.

ಡೊಂಬಿವಲಿ: ವಾಸ್ಕೊದವರೇ, ಎರಡು ದಿನಕ್ಕೆ ನೋವು ಹೋಯಿತಾ? ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿರ್ತಾರೆ! ಅತ್ತೆಯ ಮುಖ ಊದಿದೆಯಾ, ಶುಗರ್ ಏರಿದೆಯಾ ನೋಡಿ.

ವಾಸ್ಕೊ: ನಮ್ಮ ವೈದ್ಯರನ್ನು ಕಳ್ಳ ಅನ್ನಬೇಡಿ. ಮೂರು ತಲೆಮಾರಿನ ಮನೆತನ.

ಮುಲುಂಡ್: ಜಗಳ ಆಮೇಲೆ. ಥಾಣೆಯವರೇ, ಇದು ವಾರಕ್ಕೆ ಒಂದೇ ದಿನ ತಗೊಳ್ಳೋ ಮಾತ್ರೆ. ನಮ್ಮ ಅಪ್ಪನಿಗೆ ಅಂಗಡಿಯವನು ಕವರ್ ಮೇಲೆ ದಿನಾ ರಾತ್ರಿ ಅಂತ ಬರೆದುಕೊಟ್ಟ. ಬಾಯಿ ತುಂಬಾ ಹುಣ್ಣು, ನೀರು ನುಂಗೋಕೂ ಆಗ್ತಿರಲಿಲ್ಲ. ಬಿಳಿ ರಕ್ತಕಣ ಇಳಿದು ಆಸ್ಪತ್ರೆಗೆ ಸೇರಿಸಿದೆವು. ಬಿಲ್ 1 ಲಕ್ಷ 40 ಸಾವಿರ. ಮೆಡಿಕ್ಲೇಮ್‌ನವರು ಹಳೇ ಕಾಯಿಲೆ ಅಂತ ಒಂದು ಪೈಸೆ ಕೊಡಲಿಲ್ಲ. ಈಗ ನಮ್ಮ ಮನೆ ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ಕೆಂಪು ಗುರುತಿದೆ, ಮಂಗಳವಾರ ಫೋಲಿಕ್ ಆಸಿಡ್.

ಪುಣೆ: ಶುರು ಮಾಡೋ ಮೊದಲೂ ಆಮೇಲೂ ರಕ್ತಕಣ, ಲಿವರ್, ಕ್ರಿಯಾಟಿನಿನ್ ಮಾಡಿಸಿ. ಗುಣ ಕಾಣೋಕೆ 6ರಿಂದ 12 ವಾರ ಬೇಕು. ಅಷ್ಟರಲ್ಲೇ ಪ್ರಯೋಜನ ಇಲ್ಲ ಅಂತ ಬಿಡೋರು ತುಂಬಾ ಜನ.

ವಾಸ್ಕೊ: ಲಿವರ್ ಹಾಳು ಮಾಡೋ ಮಾತ್ರೆಗೆ ಇಷ್ಟು ವಕಾಲತ್ತು?

ಡೊಂಬಿವಲಿ: ಅದಕ್ಕೇ ರಕ್ತ ಪರೀಕ್ಷೆ ಮಾಡೋದು. ನಿಮ್ಮ ಪುಡಿಗೆ ಯಾರು ಪರೀಕ್ಷೆ ಮಾಡ್ತಾರೆ?

ಮುಲುಂಡ್: ಹಳೇ ಕಾಯಿಲೆ ಅಂತ ಕ್ಲೇಮ್ ತಿರಸ್ಕರಿಸಿದ ಮೇಲೆ ಓಂಬುಡ್ಸ್‌ಮನ್‌ಗೆ ಯಾರಾದರೂ ಬರೆದಿದ್ದೀರಾ?