ಬ್ಯಾಂಕಿನ ಏಳು ಪುಟದ ನೋಟಿಸನ್ನು ಮಗನಿಗೆ ಒಂದೇ ಪುಟದಲ್ಲಿ ಹೇಗೆ ಬರೆಯಲಿ?

ಪ್ರಶ್ನೆ (ದಾವಣಗೆರೆಯ ಒಬ್ಬ ತಾಯಿ): ಮಗ ಮೆಲ್ಬರ್ನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದಾನೆ. ಶಿಕ್ಷಣ ಸಾಲ 20 ಲಕ್ಷ. 2024ರ ಜುಲೈನಲ್ಲಿ 10 ಲಕ್ಷ, 2025ರ ಜುಲೈನಲ್ಲಿ 10 ಲಕ್ಷ ಬಿಡುಗಡೆಯಾಯಿತು. ಬಡ್ಡಿ ಈಗ ಶೇ 10. ಷರತ್ತು ಬದಲಾಗಿದೆ ಎಂದು ಏಳು ಪುಟದ ನೋಟಿಸ್ ಬಂದಿದೆ. 30 ದಿನದಲ್ಲಿ ಉತ್ತರ ಕೊಡಬೇಕಂತೆ. ಅವನಿಗೆ ಪರೀಕ್ಷೆ ಹತ್ತಿರ. ಏನು ಬರೆಯಲಿ, ಏನು ಬಿಡಲಿ?

ಒಬ್ಬ ಸದಸ್ಯರು: ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಸಾಲ ರೆಪೊ ದರಕ್ಕೆ ಜೋಡಣೆಯಾಗಿರುತ್ತದೆ. ರಿಸರ್ವ್ ಬ್ಯಾಂಕ್ ದರ ಇಳಿಸಿದರೆ ಇಎಂಐ ತಾನಾಗಿಯೇ ಇಳಿಯುತ್ತದೆ. ನೋಟಿಸ್ ಬರೀ ಫಾರ್ಮಾಲಿಟಿ.

ಹುಬ್ಬಳ್ಳಿಯ ಒಬ್ಬ ತಂದೆ: ನಮ್ಮ ಮಗಳು ಐರ್ಲೆಂಡ್‌ನಲ್ಲಿದ್ದಾಳೆ. ನಮ್ಮದು ಅಡಮಾನ ಇಲ್ಲದ ಸಾಲ, ಮೊದಲ ತಿಂಗಳಿಂದಲೇ ಬಡ್ಡಿ ಕಟ್ಟಿಸಿಕೊಳ್ಳುತ್ತಿದ್ದಾರೆ. ಸೈಟ್ ಅಡಮಾನ ಇಟ್ಟಿದ್ದರೆ ಬಡ್ಡಿ ಕಡಿಮೆ ಆಗುತ್ತಿತ್ತಾ?

ನಿವೃತ್ತ ಬ್ಯಾಂಕ್ ಅಧಿಕಾರಿ: ಹುಬ್ಬಳ್ಳಿ ಸರ್, ಸಾಮಾನ್ಯವಾಗಿ ಹೌದು. ಆದರೆ ನಿಮ್ಮದು ಬೇರೆ ವಿಷಯ, ಬೇರೆಯಾಗಿ ಕೇಳಿ.

ಇನ್ನು ಇಎಂಐ ತಾನಾಗಿಯೇ ಇಳಿಯುತ್ತದೆ ಎಂದ ಮೊದಲ ಸದಸ್ಯರ ಮಾತು ಅರ್ಧ ಸರಿ. ದರ ತಾನಾಗಿಯೇ ಬದಲಾಗುತ್ತದೆ, ಆದರೆ ಕಂತು ಬದಲಾಗಲೇಬೇಕೆಂದಿಲ್ಲ. ಎಷ್ಟೋ ಸಲ ಕಂತು ಅಷ್ಟೇ ಇರುತ್ತದೆ, ದರ ಏರಿದರೆ ಅವಧಿ ಉದ್ದವಾಗುತ್ತದೆ, ಇಳಿದರೆ ಕಡಿಮೆಯಾಗುತ್ತದೆ. ದರ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಮೇಡಂ, ನಿಮ್ಮ ನೋಟಿಸ್‌ನಲ್ಲಿ "ಉತ್ತರ ಬಾರದಿದ್ದರೆ" ಎಂಬ ಸಾಲು ಎಲ್ಲಿದೆ, ಮೊದಲು ಅದನ್ನು ಹುಡುಕಿ.

ಕೇಳಿದವರು: ಐದನೇ ಪುಟದಲ್ಲಿದೆ ಸರ್. ಉತ್ತರ ಬಾರದಿದ್ದರೆ ಅವಧಿ ಹೆಚ್ಚಾಗುತ್ತದೆ ಎಂದಿದೆ. ಮೂರನೇ ಪುಟದಲ್ಲಿ ಇನ್ನೊಂದಿದೆ. ಓದುವಾಗಲೇ ಬಡ್ಡಿ ಕಟ್ಟಿದರೆ ಸಿಗುತ್ತಿದ್ದ ಶೇ 1 ರಿಯಾಯಿತಿ ಇನ್ನು ಮುಂದೆ ಪ್ರತಿ ತಿಂಗಳೂ ತಪ್ಪದೆ ಕಟ್ಟುವವರಿಗೆ ಮಾತ್ರವಂತೆ.

ನಿವೃತ್ತ ಬ್ಯಾಂಕ್ ಅಧಿಕಾರಿ: ಹಾಗಾದರೆ ಪತ್ರಕ್ಕೆ ಈ ಎರಡೇ ವಿಷಯ ಸಾಕು. ಉಳಿದ ವ್ಯಾಖ್ಯೆಗಳನ್ನೆಲ್ಲ ಬಿಡಿ. ಪ್ರತಿ ಮಾತಿನ ಪಕ್ಕದಲ್ಲೂ ಪುಟದ ಸಂಖ್ಯೆ ಹಾಕಿ, ಮೂಲ ನೋಟಿಸಿನ ಫೋಟೋಗಳನ್ನೂ ಕಳಿಸಿ. ಮುಖ್ಯ ಸಾಲಗಾರ ಅವನೇ, ನೀವು ಸಹ ಸಾಲಗಾರರು. ಆಯ್ಕೆ ಅವನೂ ಒಪ್ಪಿ ಆಗಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

> ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದ.
>
> ಬ್ಯಾಂಕಿನಿಂದ ನೋಟಿಸ್ ಬಂದಿದೆ. ಗಾಬರಿಯಾಗುವಂಥದ್ದೇನೂ ಇಲ್ಲ, ಈಗಲೇ ಕಂತು ಶುರುವಾಗುವುದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ, ಅಂದರೆ 2027ರ ಜುಲೈವರೆಗೆ ಸಮಯವಿದೆ. ಆದರೆ ಬಡ್ಡಿ ಓಡುತ್ತಲೇ ಇದೆ. ನಾವು ಏನೂ ಕಟ್ಟದಿದ್ದರೆ ಅಷ್ಟರಲ್ಲಿ ಮೊದಲ ಹತ್ತಕ್ಕೆ 3 ಲಕ್ಷ, ಎರಡನೇ ಹತ್ತಕ್ಕೆ 2 ಲಕ್ಷ ಬಡ್ಡಿ ಸೇರಿ ಸಾಲ 25 ಲಕ್ಷವಾಗುತ್ತದೆ. ಹತ್ತು ವರ್ಷಕ್ಕೆ ಕಂತು ಸುಮಾರು 33,040 ರೂಪಾಯಿ. ಬರೀ 20 ಲಕ್ಷವಾಗಿದ್ದರೆ 26,430 ಆಗುತ್ತಿತ್ತು. ಈಗಿನಿಂದ ಬಡ್ಡಿ ಕಟ್ಟುವುದಾದರೆ ತಿಂಗಳಿಗೆ ಸುಮಾರು 16,700 ಬೇಕು. ರಿಯಾಯಿತಿ ಬೇಕಿದ್ದರೆ ಒಂದು ತಿಂಗಳೂ ತಪ್ಪಬಾರದು (ಪುಟ 3). ನಮ್ಮಿಂದ ಎಷ್ಟಾಗುತ್ತದೆ ಎಂದು ಅಪ್ಪ ಲೆಕ್ಕ ಹಾಕುತ್ತಿದ್ದಾರೆ.
>
> ನೀನು ತೀರ್ಮಾನಿಸಬೇಕಾದದ್ದು ಒಂದು. ಮುಂದೆ ಬಡ್ಡಿ ಏರಿದರೆ ಕಂತು ಹೆಚ್ಚಾಗಲೋ, ಅವಧಿ ಹೆಚ್ಚಾಗಲೋ (ಪುಟ 5)? ಅರ್ಧ ಪರ್ಸೆಂಟ್ ಏರಿತು ಅಂತಿಟ್ಟುಕೋ. ಕಂತು ಸುಮಾರು 700 ರೂಪಾಯಿ ಜಾಸ್ತಿಯಾಗುತ್ತದೆ. ಕಂತು ಹಾಗೇ ಇರಲಿ ಎಂದರೆ ಹತ್ತು ವರ್ಷದ ಮೇಲೆ ಇನ್ನೂ ನಾಲ್ಕೈದು ತಿಂಗಳು ಕಟ್ಟಬೇಕು, ಕಂತು ಹೆಚ್ಚಿಸಿಕೊಳ್ಳುವುದಕ್ಕಿಂತ ಒಟ್ಟಿನಲ್ಲಿ ಸುಮಾರು 67,000 ಹೆಚ್ಚು ಹೋಗುತ್ತದೆ. ಉತ್ತರಿಸದಿದ್ದರೆ ಈ ಎರಡನೆಯದೇ ಆಗುತ್ತದೆ. ಬ್ಯಾಂಕಿಗೆ ಕೊಟ್ಟಿರುವ ನಿನ್ನ ಇಮೇಲ್‌ನಿಂದಲೇ ಉತ್ತರ ಕಳಿಸು. ಪರೀಕ್ಷೆ ಮುಗಿದ ಮೇಲೆ ಸಾಕು, ಗಡುವಿಗೆ ವಾರ ಮೊದಲು ನಾನೇ ನೆನಪಿಸುತ್ತೇನೆ.
>
> ಇಂತಿ, ಅಮ್ಮ

ಮೊತ್ತಗಳು ಅಂದಾಜು. ನಿಮ್ಮ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ ತಾಳೆ ನೋಡಿ, ಆಮೇಲೆ ಪತ್ರ ಕಳಿಸಿ.

ಮೊದಲ ಸದಸ್ಯರು: ಅಂದರೆ ದರ ಇಳಿದಾಗಲೂ ಕಂತು ಇಳಿಸಿ ಎಂದು ನಾವೇ ಕೇಳಬೇಕಾ ಸರ್?

ನಿವೃತ್ತ ಬ್ಯಾಂಕ್ ಅಧಿಕಾರಿ: ಎಷ್ಟೋ ಕಡೆ ಹೌದು. ಕೇಳದಿದ್ದರೂ ನಷ್ಟವಿಲ್ಲ, ಸಾಲ ಬೇಗ ತೀರುತ್ತದೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ತಿಂಗಳ ಕಂತೇ ಭಾರ. ಅಂಥವನು ಕೇಳಿ ಇಳಿಸಿಕೊಳ್ಳಲಿ.

ಕೇಳಿದವರು: ಪತ್ರ ಹೀಗೇ ಕಳಿಸುತ್ತೇನೆ ಸರ್. ಇನ್ನೊಂದು ಅನುಮಾನ. ಕಳೆದ ವರ್ಷ ನಾವು ಆಗಾಗ ಸ್ವಲ್ಪ ಬಡ್ಡಿ ಕಟ್ಟಿದ್ದೇವೆ. ಅದಕ್ಕೆ ಹಳೆ ರಿಯಾಯಿತಿ ಉಳಿಯುತ್ತದಾ?

ನಿವೃತ್ತ ಬ್ಯಾಂಕ್ ಅಧಿಕಾರಿ: ಆಗಲೇ ಕಟ್ಟಿದ್ದೀರಾ? ಹಾಗಾದರೆ ಪತ್ರದಲ್ಲಿನ 25 ಲಕ್ಷ ಅಷ್ಟು ಕಡಿಮೆಯಾಗುತ್ತದೆ, ತಿದ್ದಿ. ರಿಯಾಯಿತಿ ಬಗ್ಗೆ ನೀವು ಹೇಳಿದ ಪುಟ ಮೂರರ ಸಾಲಿನಲ್ಲಿ "ಇನ್ನು ಮುಂದೆ" ಎಂದಷ್ಟೇ ಇದೆ, ಹಳೆಯದರ ಮಾತಿಲ್ಲ. ಹಳೆ ಮಂಜೂರಾತಿ ಪತ್ರದ ಪ್ರತಿ ಇಟ್ಟು ಶಾಖೆಗೆ ಲಿಖಿತವಾಗಿ ಕೇಳಿ, ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಕೌಂಟರ್‌ನಲ್ಲಿ ಬಾಯಿಮಾತಲ್ಲಿ "ಸಿಗುತ್ತೆ ಬಿಡಿ" ಎಂದರೆ ಅದನ್ನು ಮಗನಿಗೆ ಬರೆಯಬೇಡಿ. ಉತ್ತರ ಬಂದ ಮೇಲೆ ಬರೆಯಿರಿ.